ಸೊಸೆಯ ಪತ್ರದಲ್ಲಿದ್ದ ಸೊನ್ನೆ

ಸೊಸೆಗೆ ದೊಡ್ಡ ಕೆಲಸ ಸಿಗಲಿಲ್ಲ, ಸಣ್ಣ ಕೆಲಸ ಸಿಕ್ಕಿತು. ನಡೆದದ್ದು ಇಷ್ಟೇ. ಅವಳ ಪತ್ರದಲ್ಲಿ ಮೊದಲು ಇದ್ದ ಸೊನ್ನೆಯನ್ನು ಹಾಗೇ ಬಿಟ್ಟಿದ್ದರೆ ದೊಡ್ಡದೇ ಸಿಗುತ್ತಿತ್ತೋ ಏನೋ, ಈಗ ಯಾರೂ ಹೇಳಲಾರರು. ಆ ಸೊನ್ನೆ ಅವಳದಲ್ಲ, ನನ್ನದು. ಅದನ್ನು ತೆಗೆಸಿದವಳೂ ನಾನೇ.

ನಾನು ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಅಂಕಿ ಯಾವ ಭಾಷೆಯಲ್ಲಿದ್ದರೂ ಓದುತ್ತೇನೆ. ಸೊಸೆ ಪಿಯುಸಿ ಪಾಸಾದವಳು. ಮದುವೆಯಾಗಿ ಬಂದ ಒಂಬತ್ತು ಹತ್ತು ವರ್ಷಕ್ಕೆ ನಾನೇ ಡಾಕ್ಟರಿಗೆ ಹೇಳಿ ಅವಳನ್ನು ಅಲ್ಲಿನ ರೆಕಾರ್ಡ್ ರೂಮಿಗೆ ಸೇರಿಸಿದೆ. ರೋಗಿಗಳ ಫೈಲುಗಳನ್ನು ನಂಬರಿನ ಪ್ರಕಾರ ಜೋಡಿಸಿಡುವುದು, ಕೇಳಿದಾಗ ತೆಗೆದುಕೊಡುವುದು, ಹಿಂದೆ ಬಂದಾಗ ಅದರದರ ಜಾಗಕ್ಕೆ ಇಡುವುದು, ಇದು ಅಲ್ಲಿನ ಕೆಲಸ. ಹನ್ನೊಂದು ವರ್ಷ ಅವಳು ಅದನ್ನೇ ಮಾಡಿದಳು. ಮನೆಯಲ್ಲಿ ಅತ್ತೆ ಸೊಸೆ, ಅಲ್ಲಿ ಆಯಾ ಮತ್ತು ಮೇಡಂ. ನಾನೂ ಅಲ್ಲಿ ಅವಳನ್ನು ಮೇಡಂ ಅಂತಲೇ ಕರೆಯುತ್ತಿದ್ದೆ.

ಎರಡು ವರ್ಷದ ಹಿಂದೆ ನನ್ನ ಮಗ ತೀರಿಕೊಂಡ. ನಾನು ಕೆಲಸ ಬಿಟ್ಟೆ. ಸೊಸೆ ಹದಿನಾಲ್ಕನೇ ದಿನ ಟಿಫಿನ್ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದಳು. ಬನಶಂಕರಿ ಎರಡನೇ ಹಂತದಲ್ಲಿ ಎರಡು ಕೋಣೆಯ ಮನೆ, ನಾನು, ಅವಳು, ಡಿಗ್ರಿ ಎರಡನೇ ವರ್ಷ ಓದುವ ಮೊಮ್ಮಗಳು. ಬೆಳಿಗ್ಗೆ ಕುಕ್ಕರ್ ಕೂಗುತ್ತದೆ, ಸಂಜೆ ಟಿವಿ ಮಾತಾಡುತ್ತದೆ. ಮಿಕ್ಕಂತೆ ಸದ್ದಿಲ್ಲ.

ಈ ವರ್ಷ ನರ್ಸಿಂಗ್ ಹೋಮಿನ ಕಟ್ಟಡ ಕೈ ಬದಲಾಯಿತು. ಒಂದೂವರೆ ತಿಂಗಳಲ್ಲಿ ಮುಚ್ಚುತ್ತೇವೆ, ಎಲ್ಲರೂ ಬೇರೆ ಕಡೆ ನೋಡಿಕೊಳ್ಳಿ ಎಂದು ದೊಡ್ಡ ಡಾಕ್ಟರು ಕರೆದು ಹೇಳಿದರು. ಸೊಸೆ ಮನೆಗೆ ಬಂದು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸೊಪ್ಪು ಸೋಸುತ್ತಾ ಕೂತು, ಅದನ್ನು ನನಗೆ ಹೇಳಿದಳು. ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

ಅವಳ ದುಡಿಮೆ ಒಂದೇ ಈ ಮನೆಗೆ. ಅದು ನಮಗೆ ಮೂವರಿಗೂ ಗೊತ್ತಿತ್ತು.

ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ರೆಕಾರ್ಡ್ ರೂಮಿನ ಇನ್‌ಚಾರ್ಜ್ ಬೇಕಾಗಿದ್ದಾರೆ ಎಂದು ಅಲ್ಲಿಯ ಒಬ್ಬ ನರ್ಸು ಹೇಳಿದಳಂತೆ. ಈಗಿರುವವರು ನಿವೃತ್ತರಾಗುತ್ತಾರೆ. ಅರ್ಜಿ ಜೊತೆ ಒಂದು ಪತ್ರ ಕೊಡಬೇಕು, ನೀವು ಏನು ಮಾಡಿದ್ದೀರಿ ಅಂತ ಅಂಕಿ ಹಾಕಿ ಬರೆಯಬೇಕು, ಸುಮ್ಮನೆ ಚೆನ್ನಾಗಿ ಕೆಲಸ ಮಾಡಿದೆ ಅಂದರೆ ಯಾರೂ ಓದುವುದಿಲ್ಲ ಎಂದು ಅದೇ ನರ್ಸು ಎಚ್ಚರಿಸಿದ್ದಳು.

ಪತ್ರ ಬರೆಯಲು ಮೊಮ್ಮಗಳು ಫೋನಿನಲ್ಲಿ ಒಂದು ಮಾದರಿ ಹುಡುಕಿದಳು. ಅದು ನೀರು ಶುದ್ಧ ಮಾಡುವ ಮೆಷಿನ್ ಮಾರುವ ಯಾವನೋ ಬರೆದ ಪತ್ರ. ಇಷ್ಟು ಪರ್ಸೆಂಟ್ ಏರಿಸಿದೆ, ಅಷ್ಟು ಪರ್ಸೆಂಟ್ ಮೀರಿದೆ ಅಂತ ಮೈತುಂಬ ಏರಿಕೆ. ಅವಳು ಅದರಲ್ಲಿ ಮೆಷಿನ್ ಇದ್ದ ಕಡೆ ಫೈಲು ಅಂತ ಹಾಕಿದಳು. ನನಗೆ ಕನ್ನಡದಲ್ಲಿ ಓದಿ ಹೇಳಿದಳು. ರೆಕಾರ್ಡ್ ವಿಭಾಗದ ಕಾರ್ಯಕ್ಷಮತೆಯನ್ನು ನಲವತ್ತು ಪರ್ಸೆಂಟ್ ಹೆಚ್ಚಿಸಿದ್ದೇನೆ.

ನಲವತ್ತು ಯಾವುದರಲ್ಲಿ ಎಂದು ಕೇಳಿದೆ.

"ಅದು ಹಂಗೇ ಅಜ್ಜಿ. ಎಲ್ರೂ ಹಾಕ್ತಾರೆ."

"ಯಾರು ಎಣಿಸಿದ್ದು?"

"ಯಾರೂ ಎಣ್ಸಲ್ಲ. ಐವತ್ತು ಅಂದ್ರೆ ಜಾಸ್ತಿ ಆಯ್ತು, ಮೂವತ್ತು ಅಂದ್ರೆ ಕಮ್ಮಿ ಆಯ್ತು. ನಲವತ್ತು ಕರೆಕ್ಟಾಗಿದೆ."

ಸೊಸೆ ಒಲೆಯ ಮುಂದಿನಿಂದಲೇ ಅದನ್ನು ಅಳಿಸು ಅಂದಳು. ಎಣಿಸದೇ ಇದ್ದದ್ದನ್ನು ಬರೆದು, ಅವರು ಹೇಗೆ ಎಣಿಸಿದಿರಿ ಅಂತ ಕೇಳಿದರೆ ತಾನು ಏನು ಹೇಳಲಿ ಎಂಬುದು ಅವಳ ಪ್ರಶ್ನೆ. ಮರುದಿನ ಕೆಲಸದಿಂದ ಬರುವಾಗ ಅವಳೇ ಒಂದು ಅಂಕಿ ತಂದಳು. ಎಣಿಸಿದ ಅಂಕಿ, ರಿಜಿಸ್ಟರಿನಲ್ಲಿ ಬರೆದಿದ್ದ ಅಂಕಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು ಮಗಳ ಕೈಗೆ ಕೊಟ್ಟಳು. ಮೊಮ್ಮಗಳು ಗಟ್ಟಿಯಾಗಿ ಓದಿದಳು: ನಮ್ಮಲ್ಲಿ ಹಿಂದೆ ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಫೈಲು ಸಿಗುತ್ತಿರಲಿಲ್ಲ. ಕಳೆದ ನಾಲ್ಕು ವರ್ಷದಿಂದ ಸಿಗದ ಫೈಲುಗಳ ಸಂಖ್ಯೆ ಸೊನ್ನೆ.

"ಸಖತ್ತಾಗಿದೆ ಅಮ್ಮ," ಅಂದಳು ಮೊಮ್ಮಗಳು. "ಇದನ್ನ ಮೊದಲನೇ ಲೈನಲ್ಲೇ ಹಾಕ್ತೀನಿ."

ಸೊಸೆಯ ಮುಖದಲ್ಲಿ ಏನೋ ಸ್ವಲ್ಪ ಸಡಿಲವಾಗಿತ್ತು. ಎರಡು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ. ಇನ್ನೊಂದು ಹತ್ತು ಕಾಯಿ ಬಿಡಿಸಿದೆ. ಆಮೇಲೆ ಹೇಳಿದೆ.

ಆ ಸೊನ್ನೆ ಹೇಗೆ ಬಂತು ಎನ್ನುವುದನ್ನು ಹೇಳಬೇಕು. ಹಳಬರು ತೋರಿಸಲು ಬಂದರೆ ಕೌಂಟರಿನ ಹುಡುಗಿ ಅವರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಆಯಾ ಕೈಗೆ ಕೊಡುತ್ತಾಳೆ. ಆಯಾ ಎರಡು ಮಹಡಿ ಹತ್ತಿ ರೆಕಾರ್ಡ್ ರೂಮಿಗೆ ಕೊಡಬೇಕು, ಫೈಲು ಇಳಿಸಿ ತರಬೇಕು. ಸಿಗದಿದ್ದರೆ ಸೊಸೆ ಅದನ್ನು ಸಿಗದ ಫೈಲಿನ ರಿಜಿಸ್ಟರಿನಲ್ಲಿ ಬರೆಯಬೇಕು. ಪ್ರತಿ ಸೋಮವಾರ ದೊಡ್ಡ ಡಾಕ್ಟರು ಆ ರಿಜಿಸ್ಟರ್ ತರಿಸಿಕೊಂಡು ಎಲ್ಲರ ಮುಂದೆ ಅವಳನ್ನು ಬೈಯುತ್ತಿದ್ದರು. ತೀರ ಹಳೆಯ ನಂಬರಿನ ಫೈಲುಗಳು ಅಟ್ಟದ ಮೇಲೆ ಕಟ್ಟು ಕಟ್ಟಿ ಇದ್ದವು. ಅಲ್ಲಿಂದಲೇ ಹೆಚ್ಚು ಕಾಣೆಯಾಗುತ್ತಿದ್ದದ್ದು. ನಾಲ್ಕು ವರ್ಷದ ಹಿಂದೆ ನನ್ನ ಮಂಡಿ ಕೆಟ್ಟಿತು. ಹಳೆಯ ನಂಬರಿನ ಚೀಟಿ ಬಂದರೆ ನಾನು ಮೊದಲನೇ ಮಹಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಇಳಿದು ಬರುತ್ತಿದ್ದೆ. ಫೈಲು ಸಿಗಲಿಲ್ಲ, ಹೊಸ ಕಾರ್ಡ್ ಮಾಡಿಬಿಡಮ್ಮ ಎಂದು ಕೌಂಟರಿಗೆ ಹೇಳುತ್ತಿದ್ದೆ. ಮುಂದೆ ಸಾಲು ನಿಂತಿರುವಾಗ ಆ ಹುಡುಗಿ ಯಾಕೆ ಬೇಡ ಅಂದಾಳು. ಹೊಸ ಹೆಸರು, ಹೊಸ ನಂಬರು, ಹೊಸ ಫೈಲು. ಚೀಟಿ ಮೇಲಕ್ಕೇ ಹೋಗದಿದ್ದ ಮೇಲೆ ಸೊಸೆಯ ರಿಜಿಸ್ಟರಿನಲ್ಲಿ ಬರೆಯಲು ಏನೂ ಇಲ್ಲ. ಮಿಕ್ಕ ಇಬ್ಬರು ಆಯಾಗಳಿಗೂ ನಾನೇ ಹೇಳಿಕೊಟ್ಟೆ. ನಾನು ಬಿಟ್ಟ ಮೇಲೂ ಅವರು ಹಾಗೇ ನಡೆಸಿಕೊಂಡು ಬಂದರು.

ಸೊಸೆಗೆ ಬೈಗುಳ ತಪ್ಪಲಿ ಅಂತ ಮಾಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬೈಗುಳ ತಪ್ಪಿತು, ನಿಜ. ಆದರೆ ನಾನು ಮಾಡಿದ್ದು ಮಂಡಿಗೆ.

ಇಷ್ಟನ್ನೂ ಹೇಳಿದೆ. ಮೊಮ್ಮಗಳು ಫೋನ್ ಕೆಳಗಿಟ್ಟಳು. ಸೊಸೆ ಆ ಕ್ಯಾಲೆಂಡರ್ ಹಾಳೆಯನ್ನು ನೋಡುತ್ತಾ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಸುಲಭವಿತ್ತು.

"ನಾಲ್ಕು ವರ್ಷ ನಾನು ಹುಡುಕೋದ್ರಲ್ಲಿ ಹುಷಾರಾದೆ ಅಂದ್ಕೊಂಡಿದ್ದೆ ಅತ್ತೆ," ಅಂದಳು. ಅಷ್ಟೇ. ಅನ್ನಕ್ಕೆ ಇಡಲು ಹೋದಳು.

ಮೊಮ್ಮಗಳು ಸುಮ್ಮನಿರಲಿಲ್ಲ. ರಿಜಿಸ್ಟರಿನಲ್ಲಿ ಸೊನ್ನೆ ಅಂತಿದೆ ತಾನೆ, ಅಮ್ಮ ಸುಳ್ಳು ಸೇರಿಸಿಲ್ಲವಲ್ಲ, ಮುಚ್ಚಿಹೋಗುವ ಜಾಗಕ್ಕೆ ಹೋಗಿ ಯಾರು ತಾಳೆ ನೋಡುತ್ತಾರೆ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ನನಗೆ ಸಿಗಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆದ ಅಂಕಿ ಅದು. ಆದರೂ ಅದು ಯಾವ ಕೆಲಸವನ್ನೂ ತೋರಿಸುತ್ತಿರಲಿಲ್ಲ. ಒಬ್ಬ ಮುದುಕಿ ಬೆಂಚಿನ ಮೇಲೆ ಕೂತದ್ದನ್ನು ತೋರಿಸುತ್ತಿತ್ತು.

"ನಿಮ್ಮಮ್ಮ ಹೋಗೋದು ಇನ್‌ಚಾರ್ಜ್ ಕೆಲಸಕ್ಕೆ," ಅಂದೆ. "ಅಲ್ಲಿರೋರಿಗೂ ಆಯಾಗಳಿದಾರೆ. ಸೊನ್ನೆ ಅಂದ ತಕ್ಷಣ ಅವ್ರು ಕೇಳೋದು ಒಂದೇ, ಹೊಸ ನಂಬರ್ ಎಷ್ಟು ಕೊಟ್ರಿ ಅಂತ."

ಅಡುಗೆಮನೆಯಿಂದ ಸೊಸೆ ಹೌದು ಅಂದಳು. ಒಬ್ಬರಿಗೇ ಎರಡು ನಂಬರ್ ಆಗುವುದು ಆ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಕಳೆದುಹೋದ ಫೈಲಿಗಿಂತ ಕೆಟ್ಟದ್ದು, ಯಾಕೆಂದರೆ ಕಳೆದಿದೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಅದು ನನಗೆ ಆವತ್ತು ಗೊತ್ತಾಯಿತು. ಇಪ್ಪತ್ತಾರು ವರ್ಷ ಕೆಲಸ ಮಾಡಿದ ಮೇಲೆ.

ಆ ವಾರ ಅವಳು ಊಟದ ಹೊತ್ತಿನಲ್ಲಿ ಒಂದು ಕೆಲಸ ಹಿಡಿದಳು. ನಾನಿನ್ನೂ ಅಲ್ಲಿದ್ದ ಕಾಲದ ಒಂದು ತಿಂಗಳ ಹೊಸ ನೋಂದಣಿ ರಿಜಿಸ್ಟರ್ ತೆಗೆದು, ಒಂದೊಂದೇ ಹೆಸರನ್ನು ಹಳೆಯ ಹೆಸರಿನ ಪುಸ್ತಕದ ಜೊತೆ ತಾಳೆ ಹಾಕಿದಳು. ಹೆಸರೊಂದೇ ಸಾಲದು, ಒಂದೇ ಹೆಸರಿನವರು ಹತ್ತು ಮಂದಿ ಇರುತ್ತಾರೆ. ಹೆಸರು, ಗಂಡನ ಅಥವಾ ತಂದೆಯ ಹೆಸರು, ವಯಸ್ಸು, ಬಡಾವಣೆ, ಇಷ್ಟೂ ಸೇರಿದರೆ ಮಾತ್ರ ಒಬ್ಬರೇ ಎಂದು ಹಿಡಿದಳು. ಇನ್ನೂರ ಹನ್ನೆರಡು ಹೊಸ ಹೆಸರಿನಲ್ಲಿ ಹತ್ತೊಂಬತ್ತು ಹೊಸದಲ್ಲ. ಅಟ್ಟ ಹತ್ತಿ ಕಟ್ಟು ಬಿಚ್ಚಿ ಹುಡುಕಿದಳು. ಹದಿಮೂರರ ಹಳೆಯ ಫೈಲು ಸಿಕ್ಕಿತು, ಎರಡನ್ನೂ ಸೇರಿಸಿ ಒಂದು ನಂಬರ್ ಮಾಡಿದಳು. ಆರು ಸಿಗಲಿಲ್ಲ.

ಸಿಕ್ಕ ಹದಿಮೂರರಲ್ಲಿ ಒಂದು ಉತ್ತರಹಳ್ಳಿಯ ಹೆಂಗಸಿನದು. ಹಳೆಯ ಫೈಲಿನ ರಟ್ಟಿನ ಮೇಲೆ ಕೆಂಪು ಇಂಕಿನಲ್ಲಿ, ಪೆನಿಸಿಲಿನ್ ಇಂಜೆಕ್ಷನ್ ಆಗುವುದಿಲ್ಲ ಎಂದು ಬರೆದಿತ್ತು. ಹೊಸ ಫೈಲಿನ ರಟ್ಟು ಬಿಳಿ. ಸೊಸೆ ಎರಡೂ ಫೈಲು ತೆಗೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದಳು. ಅವರು ಈ ಸಲ ಬೈಯಲಿಲ್ಲವಂತೆ. ಆ ಹೆಂಗಸಿಗೆ ತಿಳಿಸಬೇಕು, ನಾವು ಮುಚ್ಚಿದ ಮೇಲೆ ಬೇರೆ ಎಲ್ಲೋ ಹೋಗುತ್ತಾಳೆ ಎಂದು ಒಂದು ಚೀಟಿ ಬರೆದು ಸಹಿ ಹಾಕಿ ಕೊಟ್ಟರಂತೆ. ಸೊಸೆ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿಲ್ಲ. ಚೀಟಿ ಅವಳ ಬ್ಯಾಗಿನಲ್ಲೇ ಉಳಿಯಿತು.

ಏನೂ ಆಗಿರಲಿಲ್ಲ. ಆಗಬಹುದಿತ್ತು. ಸೊಸೆ ನನಗೆ ಇದನ್ನು ಬಸ್ಸಿನ ಸುದ್ದಿ ಹೇಳಿದ ಹಾಗೆ ಹೇಳಿದಳು. ನಾನು ಹೂಂ ಅಂದೆ. ಆ ಹೊತ್ತು ನನಗೆ ಏನೂ ಅನ್ನಿಸಲಿಲ್ಲ. ಕೈ ಮರಗಟ್ಟಿದಾಗ ಚಿವುಟಿಕೊಂಡರೆ ಹೇಗೋ ಹಾಗೆ.

ಪತ್ರಕ್ಕೆ ಅಂಕಿ ಇನ್ನೂ ಸಿಕ್ಕಿರಲಿಲ್ಲ. ಅರ್ಜಿಗೆ ಐದು ದಿನ ಉಳಿದಿತ್ತು. ನೀನು ಹೋಗುವ ಮುಂಚೆ ಅಲ್ಲಿ ಏನು ಕೆಟ್ಟಿತ್ತು, ನೀನು ಹೋದ ಮೇಲೆ ಏನು ಸರಿಯಾಯಿತು, ಅದನ್ನು ಹೇಳು ಎಂದು ಸೊಸೆಯನ್ನು ಕೇಳಿದೆ. ಅವಳು ಸಹಿ ಅಂದಳು.

ಅದು ನನಗೂ ನೆನಪಿತ್ತು. ರೋಗಿ ಮನೆಗೆ ಹೋದ ಮೇಲೆ ಡಾಕ್ಟರು ಅವರ ಫೈಲಿನಲ್ಲಿ ಕೊನೆಯ ಟಿಪ್ಪಣಿ ಬರೆದು ಸಹಿ ಹಾಕಬೇಕು. ಹಾಕುತ್ತಿರಲಿಲ್ಲ. ಫೈಲುಗಳು ವಾರ್ಡಿನ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತಿದ್ದವು. ಮತ್ತೆ ಅದೇ ರೋಗಿ ಬಂದರೆ ಹಿಂದೆ ಏನು ಕೊಟ್ಟರು ಅಂತ ಯಾರಿಗೂ ಗೊತ್ತಿಲ್ಲ. ಆರು ವರ್ಷದ ಹಿಂದೆ ಸೊಸೆ ಒಂದು ಪದ್ಧತಿ ಶುರುಮಾಡಿದಳು. ಸಹಿ ಬಾಕಿ ಇರುವ ಫೈಲಿಗೆ ಕೆಂಪು ದಾರ ಕಟ್ಟಿ, ಡಾಕ್ಟರುಗಳು ಬೆಳಿಗ್ಗೆ ಕಾಫಿ ಕುಡಿಯಲು ಕೂರುವ ಕೋಣೆಗೆ ಹೊತ್ತುಕೊಂಡು ಹೋಗಿ ಮುಂದೆ ಇಡುವುದು. ಲೋಟ ಕೆಳಗಿಡುವ ಮುಂಚೆ ಸಹಿ. ಕಾಫಿ ಕೋಣೆಗೆ ಬರಬೇಡ ಎಂದು ಒಬ್ಬರು ಗದರಿದರು. ಮರುದಿನ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಳು.

"ಅದೇನು ಸಾಧನೆನಾ ಅಮ್ಮ? ಸೈನ್ ಹಾಕ್ಸೋದು?" ಎಂದು ಮೊಮ್ಮಗಳು ಕೇಳಿದಳು.

"ನೀನು ಹತ್ತು ಡಾಕ್ಟ್ರ ಹತ್ರ ಹಾಕ್ಸಿ ನೋಡು," ಅಂದೆ.

ಇದಕ್ಕೆ ಲೆಕ್ಕವೂ ಇತ್ತು. ರೋಗಿ ಮನೆಗೆ ಹೋದ ತಾರೀಕು ಒಂದು ರಿಜಿಸ್ಟರಿನಲ್ಲಿ, ಪೂರ್ತಿಯಾದ ಫೈಲು ರೆಕಾರ್ಡ್ ರೂಮಿಗೆ ಬಂದ ತಾರೀಕು ಇನ್ನೊಂದರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಷ್ಟು ದಿನ ಎಂದು ಯಾರು ಬೇಕಾದರೂ ನೋಡಬಹುದು. ಸೊಸೆ ಕೆಂಪು ದಾರ ಶುರುಮಾಡುವ ಮುಂಚಿನ ಒಂದು ಜೂನ್ ತಿಂಗಳು ಮತ್ತು ಈ ವರ್ಷದ ಜೂನ್ ತಿಂಗಳು ಎಣಿಸಿಕೊಂಡು ಬಂದಳು. ಜೂನೇ ಯಾಕೆ, ಮಾರ್ಚಿನಲ್ಲಿ ಇನ್ನೂ ಚೆನ್ನಾಗಿ ಬಂದಿದೆ ಅಲ್ಲವಾ ಎಂದು ಮಗಳು ಕೇಳಿದ್ದಕ್ಕೆ, ಚೆನ್ನಾಗಿ ಬಂದ ತಿಂಗಳನ್ನೇ ಆರಿಸಿದರೆ ಎಣಿಸಿದ ಹಾಗಾಗಲಿಲ್ಲ, ಎರಡೂ ಕಡೆ ಒಂದೇ ತಿಂಗಳು ಇರಲಿ ಎಂದಳು. ಜ್ವರದ ಕಾಲಕ್ಕೆ ಜ್ವರದ ಕಾಲ.

ಆಗ ಮೊಮ್ಮಗಳು ಫೋನಿನಲ್ಲಿ ಏನೋ ಒತ್ತಿ ಉಬ್ಬಿಹೋದಳು. ಆಗಿನ ಜೂನಿನಲ್ಲಿ ಮೂರು ದಿನ ದಾಟಿದ ಫೈಲು ಎಪ್ಪತ್ತೈದು, ಈಗಿನದರಲ್ಲಿ ಏಳು. ತೊಂಬತ್ತು ಪರ್ಸೆಂಟ್ ಕಡಿಮೆ.

"ಇದು ನಿಜವಾದ ಲೆಕ್ಕ ಅಜ್ಜಿ. ಇದಕ್ಕೂ ಕೊಂಕು ತೆಗೀಬೇಡ."

ಕೊಂಕು ಅಲ್ಲ. ನಾನು ಆ ವಾರ್ಡಿನ ನೆಲ ಒರೆಸಿದವಳು. ಆಗ ಇಪ್ಪತ್ತೆಂಟು ಹಾಸಿಗೆ ಇತ್ತು, ಈಗ ಹನ್ನೆರಡು. ರೋಗಿಗಳೇ ಅರ್ಧಕ್ಕಿಂತ ಕಡಿಮೆಯಾದರೆ ಬಾಕಿ ಫೈಲೂ ತಾನಾಗೇ ಕಡಿಮೆಯಾಗುತ್ತದೆ, ಅದರಲ್ಲಿ ನಿಮ್ಮಮ್ಮ ಮಾಡಿದ್ದು ಎಷ್ಟು, ಹಾಸಿಗೆ ಖಾಲಿಯಾಗಿದ್ದು ಎಷ್ಟು ಎಂದು ಕೇಳಿದೆ. ಅವಳಿಗೆ ಸಿಟ್ಟು ಬಂತು. ಸೊಸೆ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ಹಾಗಾದರೆ ನೂರು ಮಂದಿ ಮನೆಗೆ ಹೋದರೆ ಎಷ್ಟು ಫೈಲು ಮೂರು ದಿನದೊಳಗೆ ಮುಗಿಯಿತು ಅಂತ ಹಾಕೋಣ ಎಂದಳು. ಆಗ ಹಾಸಿಗೆ ಎಷ್ಟಿದ್ದರೂ ಒಂದೇ.

ಆ ಜೂನಿನಲ್ಲಿ ಮನೆಗೆ ಹೋದವರು ತೊಂಬತ್ತಾರು, ಮೂರು ದಿನದೊಳಗೆ ಮುಗಿದದ್ದು ಇಪ್ಪತ್ತೊಂದು. ಈ ಜೂನಿನಲ್ಲಿ ಹೋದವರು ನಲವತ್ತೊಂದು, ಮುಗಿದದ್ದು ಮೂವತ್ತನಾಲ್ಕು. ನೂರಕ್ಕೆ ಇಪ್ಪತ್ತೆರಡು ಇದ್ದದ್ದು ಎಂಬತ್ತಮೂರು ಆಯಿತು. ತೊಂಬತ್ತಕ್ಕಿಂತ ಸಣ್ಣ ಮಾತು. ಆದರೆ ಅದನ್ನು ಹಿಡಿದು ಅಲ್ಲಾಡಿಸಿದರೆ ಏನೂ ಉದುರುವುದಿಲ್ಲ. ಕೆಲಸ ಕಡಿಮೆ ಇದ್ದಾಗ ಡಾಕ್ಟರುಗಳಿಗೂ ಪುರುಸೊತ್ತು ಇರುತ್ತದೆ ಅಂತ ಕೇಳಿದರೆ ಎಂದೆ. ಹಾಸಿಗೆ ತುಂಬಿದ್ದ ಕಾಲದಲ್ಲೇ, ದಾರ ಶುರುಮಾಡಿದ ಮರುವರ್ಷವೇ, ನೂರಕ್ಕೆ ಎಪ್ಪತ್ತರ ಹತ್ತಿರ ಬಂದಿತ್ತು, ಅದನ್ನೂ ಎಣಿಸಿದ್ದೇನೆ ಅಂದಳು. ಎಣಿಸಿ ಯಾಕೆ ಹೇಳಲಿಲ್ಲ ಎಂದರೆ ಯಾರೂ ಕೇಳಲಿಲ್ಲ ಅಂದಳು. ನನ್ನ ಸೊಸೆ ಹೀಗೆ.

ಪತ್ರ ಕೊನೆಗೆ ಮುಕ್ಕಾಲು ಪುಟ ಆಯಿತು. ಅದರಲ್ಲಿ ಮೂರೇ ಕಡೆ ಅಂಕಿ. ದಿನಕ್ಕೆ ಸುಮಾರು ಎಷ್ಟು ಫೈಲು ತೆಗೆದುಕೊಡುತ್ತಾಳೆ, ಎಷ್ಟು ಸಾವಿರ ಫೈಲು ಅವಳ ಉಸ್ತುವಾರಿಯಲ್ಲಿವೆ ಎನ್ನುವುದು ಒಂದು. ಸುಮಾರು ಎನ್ನುವ ಮಾತನ್ನು ಬಿಡಬೇಡ ಎಂದು ಅವಳೇ ಮಗಳಿಗೆ ಹೇಳಿದಳು. ಸಹಿಯ ಲೆಕ್ಕ ಎರಡನೆಯದು, ಯಾವ ತಿಂಗಳು, ಎಷ್ಟರಲ್ಲಿ ಎಷ್ಟು ಎಂದು ಬಿಡಿಸಿ. ಅಲ್ಲಿ ವಾರ್ಡಿನ ಸಿಸ್ಟರುಗಳ ಜೊತೆ ಸೇರಿ ಎಂದು ಹಾಕಿಸಿದಳು, ದಾರ ಕಟ್ಟುತ್ತಿದ್ದವರು ಅವರು. ಮೂರನೆಯದು, ಒಂದು ತಿಂಗಳ ಇನ್ನೂರ ಹನ್ನೆರಡು ಹೊಸ ನೋಂದಣಿ ತಾಳೆ ನೋಡಿ ಹತ್ತೊಂಬತ್ತು ಮಂದಿಗೆ ಎರಡೆರಡು ನಂಬರ್ ಇದ್ದದ್ದು ಪತ್ತೆ ಮಾಡಿದೆ, ಹದಿಮೂರನ್ನು ಸೇರಿಸಿದೆ, ಆರು ಬಾಕಿ. ಸೊನ್ನೆ ಇಲ್ಲ.

ಬಾಕಿ ಆರು ಅಂತ ಯಾರಾದರೂ ಬರೆಯುತ್ತಾರಾ ಎಂದು ಮೊಮ್ಮಗಳು ಮೂರು ಸಲ ಕೇಳಿದಳು. ಹದಿಮೂರು ಅಂತ ಬರೆದರೆ ಎಷ್ಟರಲ್ಲಿ ಅಂತ ಕೇಳುತ್ತಾರೆ, ಹತ್ತೊಂಬತ್ತರಲ್ಲಿ ಅಂದರೆ ಮಿಕ್ಕದ್ದು ಎಣಿಸಲು ಅವರಿಗೂ ಬರುತ್ತದೆ ಎಂದು ಸೊಸೆ ಹೇಳಿದಳು. ಮೊಮ್ಮಗಳು ಹಾಗೇ ಇಂಗ್ಲಿಷಿನಲ್ಲಿ ಟೈಪ್ ಹೊಡೆದು, ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದಳು. ಕಳಿಸುವ ಮುಂಚೆ ಅಮ್ಮನ ಹತ್ತಿರ, "ಇದ್ರಲ್ಲಿ ನೀನು ತುಂಬ ಸಣ್ಣೋಳಾಗಿ ಕಾಣ್ತೀಯ," ಅಂದಳು. ಸೊಸೆ ಕನ್ನಡಕ ಹಾಕಿಕೊಂಡು ಒಂದು ಸಲ ಓದಿ, "ಇಷ್ಟೇ ಇರೋದು," ಅಂದಳು.

ಎಂಟು ದಿನಕ್ಕೆ ಕರೆ ಬಂತು. ಹಸಿರು ಕಾಟನ್ ಸೀರೆ ಉಟ್ಟು ಹೋದಳು. ಮಧ್ಯಾಹ್ನ ಮೂರಕ್ಕೆ ಬಂದು, ಬಟ್ಟೆ ಬದಲಿಸಿ, ಒಣಗಿದ ಬಟ್ಟೆ ಮಡಿಸುತ್ತಾ ಹೇಳಿದಳು. ಇಬ್ಬರು ಇದ್ದರಂತೆ. ಒಬ್ಬ ಚಿಕ್ಕ ವಯಸ್ಸಿನವನು, ನೌಕರಿ ಕೊಡುವ ವಿಭಾಗದವನು. ಇನ್ನೊಬ್ಬರು ನಿವೃತ್ತರಾಗುವ ಇನ್‌ಚಾರ್ಜ್ ಮೇಡಂ, ವಯಸ್ಸಾದವರು. ಅವನು ಪತ್ರ ನೋಡಿ, ಬರೀ ಹದಿಮೂರಾ ಎಂದು ಕೇಳಿದನಂತೆ. ಹೌದು ಸಾರ್ ಅಂದಳಂತೆ. ಬೇರೆಯವರೆಲ್ಲ ಸಾವಿರದ ಲೆಕ್ಕದಲ್ಲಿ ಬರೆದಿದ್ದಾರೆ ಎಂದು ನಕ್ಕನಂತೆ. ಮೇಡಂ ನಗಲಿಲ್ಲ. ಒಬ್ಬರೇ ಅಂತ ಹೇಗೆ ಗೊತ್ತು ಮಾಡಿಕೊಂಡಿರಿ, ಹೆಸರಿನಲ್ಲಾ, ವಯಸ್ಸಿನಲ್ಲಾ, ವಯಸ್ಸು ತಪ್ಪು ಹೇಳಿರುತ್ತಾರಲ್ಲ ಎಂದು ಹತ್ತು ನಿಮಿಷ ಬಿಡದೆ ಕೇಳಿದರಂತೆ. ಆಮೇಲೆ, ಇದು ಹೇಗೆ ಶುರುವಾಯಿತು ಎಂದು ಕೇಳಿದರಂತೆ.

"ಏನು ಹೇಳ್ದೆ?" ಎಂದು ಕೇಳಿದೆ.

"ಆಯಾಗಳು ಚೀಟಿ ಮೇಲಕ್ಕೆ ತರ್ತಿರ್ಲಿಲ್ಲ ಅಂದೆ. ನಾನು ನಾಲ್ಕು ವರ್ಷ ಕೆಳಗಿಳಿದು ನೋಡ್ಲೇ ಇಲ್ಲ ಅಂದೆ."

ನನ್ನ ಹೆಸರು ಹೇಳಿದೆಯಾ ಎಂದು ನಾನು ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ. ಅವಳು ಟವೆಲ್ ಮಡಿಸಿ ಅಂಚು ಕೂಡಿಸಿ ಇಟ್ಟಳು.

ಮುಂದಿನ ಬುಧವಾರ ಸಂಜೆ ಫೋನ್ ಬಂತು. ಸೊಸೆ ಹೂಂ, ಸರಿ ಮೇಡಂ, ಹೂಂ ಅನ್ನುತ್ತಾ ಬಾಲ್ಕನಿಯಲ್ಲಿ ನಿಂತಿದ್ದಳು. ಇನ್‌ಚಾರ್ಜ್ ಕೆಲಸ ದೊಡ್ಡ ಆಸ್ಪತ್ರೆಯಲ್ಲಿದ್ದ ಒಬ್ಬರಿಗೆ ಹೋಗಿದೆ, ಅವರಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು. ಆದರೆ ಅಲ್ಲಿಯ ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದಾರೆ, ಎರಡು ನಂಬರ್ ಇರುವವರನ್ನು ಹುಡುಕಿ ಸೇರಿಸಲು ಒಬ್ಬರು ಬೇಕು. ಒಂದು ವರ್ಷದ ಮಟ್ಟಿಗೆ, ಈಗ ಬರುತ್ತಿರುವಷ್ಟೇ ಸಂಬಳ. ಬರುತ್ತೀರಾ ಎಂದು ಮೇಡಂ ಕೇಳಿದರು. ಬರ್ತೀನಿ ಅಂದಳು.

ಮೊಮ್ಮಗಳು ಅಳುವ ಹಾಗಾದಳು. ನಲವತ್ತು ಪರ್ಸೆಂಟೇ ಹಾಕಿದ್ದರೆ ಆಗುತ್ತಿತ್ತು, ಸೊನ್ನೆಯಾದರೂ ಬಿಟ್ಟಿದ್ದರೆ ಆಗುತ್ತಿತ್ತು ಎಂದು ನನ್ನ ಕಡೆ ತಿರುಗಿ ಹೇಳಿದಳು. ಆಗುತ್ತಿತ್ತೋ ಏನೋ ಅಂದೆ.

"ಆಗಿದ್ರೆ ಆ ಮೇಡಂ ಕುರ್ಚೀಲಿ ಕೂತು ನಾನು ಏನ್ ಮಾಡ್ಬೇಕಿತ್ತು?" ಅಂದಳು ಸೊಸೆ. "ಎಲ್ಲ ಸೊನ್ನೆ ಆಗ್ಲಿ ಅಂತ ಕಾಯ್ತಾ ಕೂರ್ಬೇಕಿತ್ತು."

ಸಂತೋಷ ಪಟ್ಟಳು ಅಂತ ಹೇಳಲಾರೆ. ದುಃಖ ಪಟ್ಟಳು ಅಂತಲೂ ಹೇಳಲಾರೆ. ಒಂದು ವರ್ಷ ಬಾಡಿಗೆಗೆ, ಕಾಲೇಜಿಗೆ ತೊಂದರೆಯಿಲ್ಲ, ಅಷ್ಟು ಗೊತ್ತಾಯಿತು. ನಾವು ಊಟ ಮಾಡಿದೆವು. ಹುರುಳಿಕಾಯಿ ಪಲ್ಯ ಇತ್ತು. ಊಟ ಆದ ಮೇಲೆ ಸೊಸೆ ಬ್ಯಾಗ್ ಖಾಲಿ ಮಾಡಿ, ನರ್ಸಿಂಗ್ ಹೋಮಿಗೆ ವಾಪಸ್ ಕೊಡಬೇಕಾದ ಕೀಲಿಗಳನ್ನು ಬೇರೆ ಇಟ್ಟಳು. ಉತ್ತರಹಳ್ಳಿಯ ಆ ಹೆಂಗಸಿಗೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಅದರಲ್ಲೇ ಇತ್ತು. ಇದೊಂದು ಆಗಲಿಲ್ಲ ಅತ್ತೆ, ಮನೆ ನಂಬರೂ ಸರಿಯಾಗಿ ಬರೆದಿಲ್ಲ ಅಂದಳು. ಹೆಸರು ನೋಡಿದೆ. ಆ ಹೆಂಗಸಿನ ಎರಡನೇ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ನಾನು ಹದಿನೈದು ದಿನ ಅವರ ಮನೆಗೆ ಹೋಗಿದ್ದೆ. ಮನೆ ಎದುರಿಗೆ ಹಿಟ್ಟಿನ ಗಿರಣಿ. ಕೊಡು ಅಂದೆ.

ಮರುದಿನ ಬೆಳಿಗ್ಗೆ ಏಳೂವರೆಗೆ ಉತ್ತರಹಳ್ಳಿ ಬಸ್ ಹತ್ತಿದೆ. ಗಿರಣಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಆಗಿತ್ತು. ಎರಡು ಬೀದಿ ತಪ್ಪಿ, ಹಾಲಿನವನನ್ನು ಕೇಳಿ ಮನೆ ಹಿಡಿದೆ. ಆ ಹೆಂಗಸು ರಂಗೋಲಿ ಬಿಡುತ್ತಿದ್ದಳು. ನನ್ನ ಗುರುತು ಹತ್ತಲಿಲ್ಲ, ನೀರು ಹಾಕುತ್ತಿದ್ದ ಆಯಾ ಅಂದ ಮೇಲೆ ಹತ್ತಿತು. ಚೀಟಿ ಕೊಟ್ಟೆ. ಈ ಇಂಜೆಕ್ಷನ್ ನಿನಗೆ ಆಗುವುದಿಲ್ಲ, ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸು, ಪರ್ಸಿನಲ್ಲೇ ಇಟ್ಟುಕೋ ಅಂದೆ.

"ಅದು ನಂಗೆ ಮರ್ತೇ ಹೋಗಿತ್ತು. ಫೈಲಲ್ಲಿ ಇರುತ್ತಲ್ಲ ಅಂದ್ಕೊಂಡಿದ್ದೆ," ಅಂದಳು.

"ಇರ್ಲಿಲ್ಲ," ಅಂದೆ. "ಹೊಸ ಕಾರ್ಡ್ ಮಾಡ್ಸಿದ್ದು ನಾನೇ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕೈಯಲ್ಲಿದ್ದ ರಂಗೋಲಿ ಹಿಟ್ಟನ್ನು ಒರೆಸಿಕೊಂಡು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಒಳಗೆ ತೆಗೆದುಕೊಂಡು ಹೋದಳು. ನಾನು ಅವಳು ಬರುವವರೆಗೆ ಕಾಯಲಿಲ್ಲ. ಬಸ್ ಸ್ಟಾಪಿಗೆ ಬಂದು ಬನಶಂಕರಿ ಬಸ್ಸಿಗೆ ನಿಂತೆ.